ರಾಶಿಗೆ ತೆರಿಗೆಯೋ, ಪಾಲಿಗೆ ತೆರಿಗೆಯೋ? ಅಪ್ಪನ ಜಮೀನು ಮಕ್ಕಳಿಗೆ ಬರುವಾಗಿನ ಲೆಕ್ಕ

2024ರ ಲೋಕಸಭಾ ಚುನಾವಣೆ ಹೊತ್ತಿಗೆ ‘ಅಪ್ಪ ಸತ್ತರೆ ಆಸ್ತಿಯಲ್ಲಿ ಅರ್ಧ ಸರ್ಕಾರಕ್ಕೆ’ ಅನ್ನೋ ಮಾತು ವಾಟ್ಸಾಪ್‌ನಲ್ಲಿ ಜೋರಾಗಿ ಓಡಾಡಿತ್ತು. ಅಮೆರಿಕದಲ್ಲಿ ಹಾಗಿದೆಯಂತೆ, ಇಲ್ಲೂ ತರ್ತಾರಂತೆ ಅಂತ. ಆ ಗಲಾಟೆ ಮುಗಿದು ಎಷ್ಟೋ ದಿನ ಆದರೂ ನನಗೆ ಬರುವ ಪ್ರಶ್ನೆಗಳು ನಿಂತಿಲ್ಲ. ‘ಸರ್, ಪೌತಿ ಖಾತೆ ಮಾಡಿಸಿದರೆ ತೆರಿಗೆ ಬೀಳ್ತದಾ? ಅಜ್ಜನ ಹೆಸರಲ್ಲೇ ಇರಲಿ ಬಿಡೋದು ವಾಸಿನಾ?’ ಅಂತ ಕೇಳುವವರು ಈಗಲೂ ಇದ್ದಾರೆ. ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಇವತ್ತು ಭಾರತದಲ್ಲಿ ತೀರಿಕೊಂಡವರ ಆಸ್ತಿ ವಾರಸುದಾರರಿಗೆ ಬಂದಿದ್ದಕ್ಕೆ ಅಂತ ಯಾವ ತೆರಿಗೆಯೂ ಇಲ್ಲ. ಪೌತಿ ಖಾತೆ ಅನ್ನೋದು ಪಹಣಿಯಲ್ಲಿ ಹೆಸರು ಬದಲಾಯಿಸುವ ಕೆಲಸ, ತೆರಿಗೆ ಅಲ್ಲ. ಅದನ್ನು ಮುಂದೂಡಿದರೆ ಉಳಿಯೋದು ಏನೂ ಇಲ್ಲ. ಬೆಳೆಸಾಲ, ಬೆಳೆವಿಮೆ, ಪರಿಹಾರದ ಹಣ ಎಲ್ಲದಕ್ಕೂ ಪಹಣಿಯಲ್ಲಿ ಯಾರ ಹೆಸರಿದೆ ಅಂತಲೇ ನೋಡ್ತಾರೆ.

ಆದರೆ ನಮ್ಮಲ್ಲೂ ಒಂದು ಕಾಲದಲ್ಲಿ ಇಂಥ ತೆರಿಗೆ ಇತ್ತು, ಆಮೇಲೆ ತೆಗೆದರು. ಯಾಕೆ ತೆಗೆದರು ಅಂತ ಗೊತ್ತಾಗಬೇಕಾದರೆ ಮೊದಲು ಈ ತೆರಿಗೆಯ ಎರಡು ಜಾತಿಗಳ ವ್ಯತ್ಯಾಸ ತಿಳೀಬೇಕು.

ಕಣದಲ್ಲಿ ಎತ್ತೋದು, ಮನೆಯಲ್ಲಿ ಎತ್ತೋದು

ಒಕ್ಕಣೆ ಮುಗಿದು ಕಣದಲ್ಲಿ ರಾಗಿ ರಾಶಿ ಬಿದ್ದಿದೆ ಅಂದುಕೊಳ್ಳಿ. ಅಣ್ಣತಮ್ಮಂದಿರು ಹಂಚಿಕೊಳ್ಳಬೇಕು. ಯಾರೋ ಒಬ್ಬ ಬಂದು ಹಂಚುವ ಮೊದಲೇ ರಾಶಿಯಿಂದ ತನ್ನ ಪಾಲು ಅಳೆದುಕೊಂಡು, ಉಳಿದಿದ್ದನ್ನು ನೀವು ಹಂಚಿಕೊಳ್ಳಿ ಅಂದರೆ ಅದು ಎಸ್ಟೇಟ್ ತೆರಿಗೆ. ಹಾಗಲ್ಲದೆ ಎಲ್ಲರೂ ಹಂಚಿಕೊಂಡು ಮೂಟೆ ಮನೆಗೆ ಒಯ್ದ ಮೇಲೆ ಒಬ್ಬೊಬ್ಬರ ಮನೆಗೂ ಹೋಗಿ, ನಿನಗೆಷ್ಟು ಬಂತು, ಸತ್ತವರಿಗೆ ನೀನೇನಾಗಬೇಕು ಅಂತ ಕೇಳಿ ಪಾಲಿನಿಂದ ಎತ್ತಿದರೆ ಅದು ವಾರಸು ತೆರಿಗೆ.

ಇಲ್ಲಿ ಎಸ್ಟೇಟ್ ಅಂದರೆ ಕಾಫಿ ತೋಟ ಅಲ್ಲ, ಕೊಡಗು ಚಿಕ್ಕಮಗಳೂರಿನವರು ಗಾಬರಿಯಾಗಬೇಡಿ. ತೀರಿಕೊಂಡವರು ಬಿಟ್ಟುಹೋದ ಎಲ್ಲವೂ ಸೇರಿ ಎಸ್ಟೇಟ್. ಜಮೀನು, ಮನೆ, ಬ್ಯಾಂಕಿನ ದುಡ್ಡು, ಒಡವೆ, ಷೇರು ಎಲ್ಲ ಕೂಡಿಸಿ, ಅದರಿಂದ ಸಾಲ ಕಳೆದರೆ ಉಳಿಯುವ ಮೊತ್ತ.

ಎರಡರಲ್ಲೂ ಕೊನೆಗೆ ಹಣ ಕಡಿಮೆಯಾಗೋದು ಕುಟುಂಬಕ್ಕೇ ಅಲ್ವಾ, ಏನು ವ್ಯತ್ಯಾಸ ಅಂತ ಅನ್ನಿಸಬಹುದು. ವ್ಯತ್ಯಾಸ ದೊಡ್ಡದೇ ಇದೆ. ಎಸ್ಟೇಟ್ ತೆರಿಗೆಗೆ ರಾಶಿ ಎಷ್ಟು ದೊಡ್ಡದು ಅನ್ನೋದೇ ಮುಖ್ಯ. ಹತ್ತು ಜನ ಮಕ್ಕಳಿದ್ದರೂ ಒಬ್ಬನೇ ಮಗ ಇದ್ದರೂ ತೆರಿಗೆ ಹೆಚ್ಚುಕಡಿಮೆ ಅಷ್ಟೇ. ವಾರಸು ತೆರಿಗೆಗೆ ಒಬ್ಬೊಬ್ಬರಿಗೆ ಬಂದ ಪಾಲು ಮತ್ತು ಸಂಬಂಧ ಮುಖ್ಯ. ಹೆಂಡತಿಗೆ ಒಂದು ದರ, ಮಕ್ಕಳಿಗೆ ಒಂದು, ತಮ್ಮನಿಗೆ ಇನ್ನೊಂದು, ಸಂಬಂಧವೇ ಇಲ್ಲದವರಿಗೆ ಎಲ್ಲಕ್ಕಿಂತ ಹೆಚ್ಚು.

ಅಮೆರಿಕದಲ್ಲಿ ಎರಡೂ ಜಾತಿ ಇರೋದರಿಂದ ಅಲ್ಲಿಯ ಲೆಕ್ಕವನ್ನೇ ಹಾಕಿ ನೋಡೋಣ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇರೋದು ವಾರಸು ತೆರಿಗೆ. ಒಬ್ಬ ರೈತ ತೀರಿಕೊಂಡ, ಪೇಟೆಯ ಮನೆ ಮತ್ತು ಉಳಿತಾಯ ಸೇರಿ 8 ಲಕ್ಷ ಡಾಲರ್ ಬಿಟ್ಟ ಅಂದುಕೊಳ್ಳಿ. ವಿಲ್ ಪ್ರಕಾರ ಹೆಂಡತಿಗೆ 4 ಲಕ್ಷ, ಮಗಳಿಗೆ 2 ಲಕ್ಷ, ತಮ್ಮನಿಗೆ 1 ಲಕ್ಷ, ಕೊನೆಗಾಲದಲ್ಲಿ ನೋಡಿಕೊಂಡ ಪಕ್ಕದ ಮನೆಯವನಿಗೆ 1 ಲಕ್ಷ. ಹೆಂಡತಿಗೆ ಅಲ್ಲಿ ತೆರಿಗೆಯೇ ಇಲ್ಲ. ಮಕ್ಕಳಿಗೆ ಶೇ. 4.5, ಹಾಗಾಗಿ ಮಗಳದ್ದು 9,000 ಡಾಲರ್. ಒಡಹುಟ್ಟಿದವರಿಗೆ ಶೇ. 12, ತಮ್ಮನದ್ದು 12,000. ಬೇರೆಯವರಿಗೆ ಶೇ. 15, ಪಕ್ಕದ ಮನೆಯವನದ್ದು 15,000. ಮಗಳಿಗೆ ಬಂದಿದ್ದರಲ್ಲಿ ಅರ್ಧ ಮಾತ್ರ ಪಡೆದ ಪಕ್ಕದ ಮನೆಯವನು ಅವಳಿಗಿಂತ ಹೆಚ್ಚು ಕಟ್ಟಬೇಕು. ವಾರಸು ತೆರಿಗೆಯ ಗುಣವೇ ಅದು.

ಇದೇ ಕುಟುಂಬ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಎಷ್ಟು ಕಟ್ಟಬೇಕು? ಒಂದು ಡಾಲರೂ ಇಲ್ಲ. ಕೇಂದ್ರದ್ದು ಎಸ್ಟೇಟ್ ತೆರಿಗೆ, 2026ರಿಂದ ಅದರ ವಿನಾಯ್ತಿ ಮಿತಿ ಒಬ್ಬರಿಗೆ 1.5 ಕೋಟಿ ಡಾಲರ್. ರಾಶಿ ಅದಕ್ಕಿಂತ ಚಿಕ್ಕದಾಗಿದ್ದರೆ ಕೇಳುವವರೇ ಇಲ್ಲ. ಅದೇ 1.6 ಕೋಟಿ ಡಾಲರ್ ಬಿಟ್ಟು, ಎಲ್ಲವನ್ನೂ ಮಕ್ಕಳಿಗೆ ಬರೆದಿದ್ದರೆ ಮೇಲಿನ 10 ಲಕ್ಷಕ್ಕೆ ಶೇ. 40ರಂತೆ 4 ಲಕ್ಷ ಡಾಲರ್ ರಾಶಿಯಿಂದಲೇ ಹೋಗ್ತದೆ. ಹಾಗಾಗಿ ‘ಅಮೆರಿಕದಲ್ಲಿ ಸತ್ತವರ ಆಸ್ತಿಯಲ್ಲಿ ಅರ್ಧ ಸರ್ಕಾರಕ್ಕೆ’ ಅನ್ನೋ ಫಾರ್ವರ್ಡ್ ಮೆಸೇಜು ಅಲ್ಲಿಯ ಸಾಮಾನ್ಯ ರೈತನಿಗೆ ಅನ್ವಯಿಸೋದೇ ಇಲ್ಲ. ಪೆನ್ಸಿಲ್ವೇನಿಯಾದಲ್ಲಂತೂ ಹೊಲ ಮನೆಯವರಿಗೇ ಹೋಗಿ, ಏಳು ವರ್ಷ ಅಲ್ಲಿ ಬೇಸಾಯ ನಡೆಸಿದರೆ ಆ ಹೊಲಕ್ಕೆ ವಾರಸು ತೆರಿಗೆಯೂ ಇಲ್ಲ. ನಡುವೆ ಬೇಸಾಯ ಬಿಟ್ಟು ಸೈಟು ಮಾಡಿದರೆ ಮಾತ್ರ ಹಳೆ ತೆರಿಗೆ ವಾಪಸ್ ಬಂದು ಕುತ್ತಿಗೆಗೆ ಬೀಳ್ತದೆ.

ಹೆಸರು ನೋಡಿ ಮೋಸಹೋಗಬೇಡಿ ಅಂತ ಇನ್ನೊಂದು ಮಾತು ಹೇಳಬೇಕು. ಬ್ರಿಟನ್ನಿನಲ್ಲಿ ಇರುವ ತೆರಿಗೆಗೆ ಹೆಸರು ‘ಇನ್‌ಹೆರಿಟೆನ್ಸ್ ಟ್ಯಾಕ್ಸ್’. ಆದರೆ ಅದು ಕೆಲಸ ಮಾಡೋದು ಎಸ್ಟೇಟ್ ತೆರಿಗೆ ಥರ. ಹಂಚುವ ಮೊದಲೇ ರಾಶಿಯಿಂದ ಎತ್ತುತ್ತಾರೆ. ಜಪಾನಿನಲ್ಲಿ ಮಾತ್ರ ಪಡೆದವರೇ ಕಟ್ಟೋದು, ಮೇಲಿನ ದರ ಶೇ. 55. ಅಲ್ಲೂ ಹೊಲವನ್ನು ಉಳುಮೆಯಲ್ಲೇ ಇಟ್ಟುಕೊಳ್ಳುವ ಮಕ್ಕಳಿಗೆ ತೆರಿಗೆಯನ್ನು ಮುಂದಕ್ಕೆ ಹಾಕುವ ಏರ್ಪಾಡಿದೆ.

ಹೊಲ ಬೆಲೆಬಾಳ್ತದೆ, ಕೈಯಲ್ಲಿ ಕಾಸಿಲ್ಲ

ರೈತರಿಗೆ ಈ ತೆರಿಗೆ ಯಾಕೆ ಬೇರೆಯವರಿಗಿಂತ ಹೆಚ್ಚು ನೋವು ಕೊಡ್ತದೆ ಅನ್ನೋದಕ್ಕೆ ಬ್ರಿಟನ್ನೇ ಸಾಕ್ಷಿ. ಅಲ್ಲಿ 3.25 ಲಕ್ಷ ಪೌಂಡ್ ದಾಟಿದ ಆಸ್ತಿಗೆ ಶೇ. 40 ತೆರಿಗೆ. ಆದರೆ ಬೇಸಾಯದ ಜಮೀನಿಗೆ ಬಹಳ ವರ್ಷ ಪೂರ್ತಿ ವಿನಾಯ್ತಿ ಇತ್ತು. 2024ರ ಅಕ್ಟೋಬರ್ ಬಜೆಟ್ಟಿನಲ್ಲಿ ಆ ವಿನಾಯ್ತಿಗೆ 10 ಲಕ್ಷ ಪೌಂಡಿನ ಮಿತಿ ಹಾಕುತ್ತೇವೆ ಅಂದರು. ರೈತರು ಲಂಡನ್ನಿಗೆ ಬಂದು ಬೀದಿಯಲ್ಲಿ ನಿಂತರು. ಒಂದು ವರ್ಷ ಎಳೆದಾಡಿ 2025ರ ಡಿಸೆಂಬರಿನಲ್ಲಿ ಮಿತಿಯನ್ನು 25 ಲಕ್ಷ ಪೌಂಡಿಗೆ ಏರಿಸಿದರು. 2026ರ ಏಪ್ರಿಲ್‌ನಿಂದ ಜಾರಿ ಅಂತ ತೀರ್ಮಾನವಾಯಿತು.

ಒಬ್ಬನೇ ಮಾಲೀಕನ 40 ಲಕ್ಷ ಪೌಂಡ್ ಬೆಲೆಯ ಹೊಲ ಅಂತ ಇಟ್ಟುಕೊಳ್ಳಿ. ಮೊದಲ 25 ಲಕ್ಷ ಪೂರ್ತಿ ಬಿಡ್ತಾರೆ. ಉಳಿದ 15 ಲಕ್ಷದಲ್ಲಿ ಅರ್ಧ, ಅಂದ್ರೆ 7.5 ಲಕ್ಷ ಲೆಕ್ಕಕ್ಕೆ ಬರ್ತದೆ. ಅದರಲ್ಲಿ ಎಲ್ಲರಿಗೂ ಇರುವ 3.25 ಲಕ್ಷ ಕಳೆದರೆ 4.25 ಲಕ್ಷ. ಅದಕ್ಕೆ ಶೇ. 40 ಅಂದರೆ 1.7 ಲಕ್ಷ ಪೌಂಡ್. ಹತ್ತು ವರ್ಷದ ಕಂತು, ಬಡ್ಡಿ ಇಲ್ಲ. ವರ್ಷಕ್ಕೆ 17,000 ಪೌಂಡ್.

40 ಲಕ್ಷದವನಿಗೆ 17,000 ಏನು ಮಹಾ ಅಂತ ಪೇಟೆಯವರು ಕೇಳಿದರು, ಕೇಳಿದ್ದರಲ್ಲಿ ನ್ಯಾಯವೂ ಇದೆ. ಆದರೆ ಆ 40 ಲಕ್ಷ ಮಾರಿದರೆ ಮಾತ್ರ ಕೈಗೆ ಬರುವ ದುಡ್ಡು. ಬೇಸಾಯ ಮಾಡುವವನಿಗೆ ಬರೋದು ವರ್ಷದ ಬೆಳೆಯ ಹಣ. ಮಳೆ ಕೈಕೊಟ್ಟ ವರ್ಷವೂ ಕಂತು ಕಟ್ಟಲೇಬೇಕು. ನಮ್ಮಲ್ಲೇ ನೋಡಿ, ಬೆಂಗಳೂರಿನ ಹೊರವಲಯದಲ್ಲಿ ಎಕರೆಗೆ ಕೋಟಿ ಲೆಕ್ಕದಲ್ಲಿ ಮಾತಾಡುವ ಜಮೀನಿನಲ್ಲೂ ರಾಗಿ ಬಿತ್ತಿದರೆ ಬರೋದು ರಾಗಿಯ ದುಡ್ಡೇ. ತೆರಿಗೆ ಬೆಲೆಯ ಮೇಲೆ ಬೀಳ್ತದೆ, ಕಟ್ಟಬೇಕಾಗಿರೋದು ಬೆಳೆಯಿಂದ. ಈ ಎರಡರ ನಡುವೆ ಸಿಕ್ಕಿಕೊಂಡವನು ಕೊನೆಗೆ ಜಮೀನಿನ ಒಂದು ತುಂಡು ಮಾರ್ತಾನೆ.

ನಮ್ಮಲ್ಲಿ ಇತ್ತು, 32 ವರ್ಷ

ಭಾರತದಲ್ಲಿ ಎಸ್ಟೇಟ್ ಡ್ಯೂಟಿ ಅಂತ ಕಾನೂನು ಬಂದಿದ್ದು 1953ರಲ್ಲಿ. ಹೆಸರೇ ಹೇಳುವ ಹಾಗೆ ರಾಶಿಯ ಮೇಲಿನ ತೆರಿಗೆ. ತೀರಿಕೊಂಡ ಆರು ತಿಂಗಳೊಳಗೆ ಮನೆಯವರು ಆಸ್ತಿಯ ಪೂರ್ತಿ ಲೆಕ್ಕ ಕೊಡಬೇಕಿತ್ತು. ಆಸ್ತಿ ದೊಡ್ಡದಾದಷ್ಟೂ ದರ ಏರುತ್ತಿತ್ತು. ಅತಿ ಹೆಚ್ಚಿದ್ದಾಗ 20 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಶೇ. 85. ನೂರಕ್ಕೆ ಎಂಬತ್ತೈದು, ಓದಿದ್ದು ಸರಿಯಾಗೇ ಇದೆ.

ಜಮೀನಿನ ವಿಷಯ ಸ್ವಲ್ಪ ಬೇರೆ ಇತ್ತು. ನಮ್ಮ ಸಂವಿಧಾನ ಮಾಡಿದವರಿಗೆ ಈ ಎರಡು ಜಾತಿಯ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಏಳನೇ ಅನುಸೂಚಿಯಲ್ಲಿ ಎರಡನ್ನೂ ಬೇರೆಬೇರೆಯಾಗಿಯೇ ಬರೆದಿದ್ದಾರೆ. ಬೇಸಾಯದ ಜಮೀನು ಬಿಟ್ಟು ಉಳಿದ ಆಸ್ತಿಯ ಮೇಲಿನ ಎಸ್ಟೇಟ್ ತೆರಿಗೆ ಮತ್ತು ವಾರಸು ತೆರಿಗೆ ಕೇಂದ್ರದ ಪಟ್ಟಿಯಲ್ಲಿ 87 ಮತ್ತು 88ನೇ ಬಾಬ್ತು. ಬೇಸಾಯದ ಜಮೀನಿನ ವಾರಸು ತೆರಿಗೆ ಮತ್ತು ಎಸ್ಟೇಟ್ ತೆರಿಗೆ ರಾಜ್ಯದ ಪಟ್ಟಿಯಲ್ಲಿ 47 ಮತ್ತು 48. ಅಂದ್ರೆ ನಿಮ್ಮ ಹೊಲದ ಮೇಲೆ ಇಂಥ ತೆರಿಗೆ ಹಾಕುವ ಅಧಿಕಾರ ಇರೋದು ವಿಧಾನಸೌಧಕ್ಕೆ, ದಿಲ್ಲಿಗೆ ಅಲ್ಲ. 1953ರ ಕಾನೂನು ಜಮೀನಿಗೂ ಅನ್ವಯಿಸಬೇಕಾದರೆ ಆಯಾ ರಾಜ್ಯದ ಶಾಸನಸಭೆ ಒಪ್ಪಿ ನಿರ್ಣಯ ಮಾಡಬೇಕಿತ್ತು, ಹಲವು ರಾಜ್ಯಗಳು ಮಾಡಿದ್ದವು ಕೂಡ. ಆ ಬಾಬ್ತುಗಳು ಇವತ್ತಿಗೂ ಸಂವಿಧಾನದಲ್ಲಿ ಹಾಗೇ ಇವೆ. ಅಧಿಕಾರ ಇದೆ, ಕಾನೂನು ಇಲ್ಲ.

ಕೂಡು ಕುಟುಂಬದವರಿಗೆ ಇನ್ನೊಂದು ತಲೆನೋವು ಇತ್ತು. ಮನೆಯ ಯಜಮಾನ ತೀರಿಕೊಂಡರೆ ಇಡೀ ಕುಟುಂಬದ ಆಸ್ತಿಗೆ ತೆರಿಗೆ ಇಲ್ಲ, ಸಾಯುವ ಮುಂಚೆ ಪಾಲಾಗಿದ್ದರೆ ಅವನಿಗೆ ಎಷ್ಟು ಬರುತ್ತಿತ್ತೋ ಅಷ್ಟಕ್ಕೆ ಮಾತ್ರ. ಇಷ್ಟು ನ್ಯಾಯವಾಗೇ ಇದೆ. ಆದರೆ ಯಾವ ದರ ಹಾಕಬೇಕು ಅಂತ ತೀರ್ಮಾನಿಸುವಾಗ ಮಕ್ಕಳ ಪಾಲನ್ನೂ ಸೇರಿಸಿ ಒಟ್ಟು ಮೊತ್ತ ನೋಡುತ್ತಿದ್ದರು. ಅಪ್ಪನ ಪಾಲು ಚಿಕ್ಕದಾದರೂ ದೊಡ್ಡ ರಾಶಿಯ ದರ ಬೀಳುತ್ತಿತ್ತು.

ಇಷ್ಟೆಲ್ಲ ಬಿಗಿ ಮಾಡಿ ಸರ್ಕಾರಕ್ಕೆ ಬಂದಿದ್ದೆಷ್ಟು? 1985ರ ಬಜೆಟ್ ಮಂಡಿಸುತ್ತ ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಅವರೇ ಲೆಕ್ಕ ಒಪ್ಪಿಸಿದರು. ಇಡೀ ದೇಶದಿಂದ ವರ್ಷಕ್ಕೆ ಸುಮಾರು 20 ಕೋಟಿ ರೂಪಾಯಿ. ಅದಕ್ಕೆ ಹೋಲಿಸಿದರೆ ವಸೂಲಿಯ ಖರ್ಚು ಜಾಸ್ತಿ. ಅದೇ ಆಸ್ತಿಗೆ ಬದುಕಿದ್ದಾಗ ಸಂಪತ್ತು ತೆರಿಗೆ, ಸತ್ತ ಮೇಲೆ ಎಸ್ಟೇಟ್ ಡ್ಯೂಟಿ, ಎರಡೆರಡು ಕಾನೂನು, ಎರಡೆರಡು ಸಲ ಓಡಾಟ. ಬಡವ ಬಲ್ಲಿದರ ಅಂತರ ಕಡಿಮೆ ಮಾಡುವ ಉದ್ದೇಶವೂ ಈಡೇರಲಿಲ್ಲ ಅಂತ ಹೇಳಿ, 1985ರ ಮಾರ್ಚ್ 16ರಿಂದ ಆಚೆಗೆ ತೀರಿಕೊಂಡವರ ಆಸ್ತಿಗೆ ಈ ತೆರಿಗೆ ಇಲ್ಲ ಅಂತ ತೀರ್ಮಾನಿಸಿದರು. ಸಂಪತ್ತು ತೆರಿಗೆ ಆಮೇಲೂ ಉಳಿದಿತ್ತು, 2015ರ ಬಜೆಟ್ಟಿನಲ್ಲಿ ಅದನ್ನೂ ತೆಗೆದರು.

ಶೇ. 85 ದರ ಇಟ್ಟೂ ಬರೀ 20 ಕೋಟಿ ಯಾಕೆ ಬಂತು ಅನ್ನೋದನ್ನು ಸ್ವಲ್ಪ ಯೋಚಿಸಬೇಕು. ಸಾವು ಯಾವಾಗ ಅಂತ ಗೊತ್ತಿಲ್ಲದಿದ್ದರೂ, ಬರ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಇದರಷ್ಟು ಮುಂಚಿತವಾಗಿ ತಯಾರಿ ಮಾಡಿಕೊಳ್ಳಬಹುದಾದ ತೆರಿಗೆ ಇನ್ನೊಂದಿಲ್ಲ. ದೊಡ್ಡ ಕುಳಗಳು ವಕೀಲರನ್ನು ಇಟ್ಟುಕೊಂಡು ಆಸ್ತಿಯನ್ನು ಟ್ರಸ್ಟಿಗೆ, ಕಂಪನಿಗೆ, ಮಕ್ಕಳ ಹೆಸರಿಗೆ ಮೊದಲೇ ದಾಟಿಸಿಬಿಡ್ತಾರೆ. ಸಿಕ್ಕಿಹಾಕಿಕೊಳ್ಳೋದು ತಯಾರಿ ಇಲ್ಲದೆ ಹಠಾತ್ತನೆ ತೀರಿಕೊಂಡ ಮಧ್ಯಮದವನ ಮನೆಯವರು. ಇನ್ನು ಬೆಲೆ ಕಟ್ಟುವ ಜಗಳ. ಹಳ್ಳಿಯ ಜಮೀನಿಗೆ ದಾಖಲೆಯಲ್ಲಿ ಒಂದು ಬೆಲೆ, ಮಾತಿನಲ್ಲಿ ಒಂದು ಬೆಲೆ. ಸತ್ತವರು ಮಾರಿಲ್ಲ, ಯಾರೂ ಕೊಂಡಿಲ್ಲ, ಆ ದಿನದ ಬೆಲೆ ಎಷ್ಟು ಅಂತ ಹೇಳೋರು ಯಾರು? ಪ್ರತಿ ಕೇಸೂ ವರ್ಷಗಟ್ಟಲೆ ಎಳೆಯುತ್ತದೆ. ಪಹಣಿ ಇನ್ನೂ ಮುತ್ತಾತನ ಹೆಸರಲ್ಲೇ ಇರುವ ಕಡೆಗಳಲ್ಲಂತೂ ಯಾರಿಂದ ಯಾರಿಗೆ ಏನು ಬಂತು ಅಂತ ತೋರಿಸುವುದೇ ಕಷ್ಟ.

ಒಂದು ಊರು ಬಿಟ್ಟರೆ ಪಕ್ಕದೂರೂ ಬಿಡಬೇಕಾಗ್ತದೆ

ಬೇರೆ ದೇಶಗಳು ಬಿಟ್ಟಿದ್ದಕ್ಕೆ ಇನ್ನೂ ಒಂದು ಕಾರಣ ಇದೆ, ಅದಕ್ಕೆ ಆಸ್ಟ್ರೇಲಿಯಾ ಒಳ್ಳೆ ಉದಾಹರಣೆ. ಅಲ್ಲಿ ಕೇಂದ್ರವೂ ರಾಜ್ಯಗಳೂ ಮರಣ ತೆರಿಗೆ ಹಾಕುತ್ತಿದ್ದವು. 1977ರಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯ ತನ್ನ ತೆರಿಗೆ ತೆಗೆದುಹಾಕಿತು. ವಯಸ್ಸಾದ ಹಣವಂತರು ತಮ್ಮ ರಾಜ್ಯ ಬಿಟ್ಟು ಅಲ್ಲಿಗೆ ಹೋಗಿ ನೆಲೆಸತೊಡಗಿದರು. ಹಣ ಕೈತಪ್ಪುತ್ತಿದೆ ಅಂತ ಗೊತ್ತಾದ ಮೇಲೆ ಉಳಿದ ರಾಜ್ಯಗಳಿಗೂ ಬೇರೆ ದಾರಿ ಇರಲಿಲ್ಲ. 1979ರಲ್ಲಿ ಕೇಂದ್ರ ಬಿಟ್ಟಿತು, 1980ರ ದಶಕದ ಮೊದಲ ವರ್ಷಗಳಲ್ಲೇ ಎಲ್ಲ ರಾಜ್ಯಗಳೂ ಬಿಟ್ಟವು. ದೇಶ ದೇಶಗಳ ನಡುವೆಯೂ ಇದೇ ಪೈಪೋಟಿ. ಹಾಂಗ್‌ಕಾಂಗ್ 2006ರಲ್ಲಿ ಬಿಟ್ಟಿತು, ಸಿಂಗಪುರ 2008ರಲ್ಲಿ. ಸಮಾನತೆಗೆ ಹೆಸರಾದ ಸ್ವೀಡನ್ ಕೂಡ 2004ರ ಕೊನೆಗೆ ಬಿಟ್ಟಿತು. ಅಲ್ಲಿ 2005ರ ಜನವರಿಯಿಂದ ಅಂತ ಇತ್ತು. ಅಷ್ಟರಲ್ಲಿ ಡಿಸೆಂಬರ್ 26ರ ಸುನಾಮಿಯಲ್ಲಿ ಪ್ರವಾಸಕ್ಕೆ ಹೋಗಿದ್ದ ನೂರಾರು ಸ್ವೀಡಿಷರು ತೀರಿಕೊಂಡರು. ಆ ಮನೆಗಳಿಗೆ ತೆರಿಗೆ ಬೀಳಬಾರದು ಅಂತ ತಾರೀಖನ್ನು ಡಿಸೆಂಬರ್ 17ಕ್ಕೆ ಹಿಂದೆ ಸರಿಸಿದರು.

ಆದರೆ ತೆರಿಗೆ ಇಲ್ಲ ಅಂದ ಮಾತ್ರಕ್ಕೆ ಸರ್ಕಾರ ಪೂರ್ತಿ ಕೈಬಿಟ್ಟಿದೆ ಅಂತ ಅಲ್ಲ. ಕೆನಡಾ 1972ರಲ್ಲಿ ಎಸ್ಟೇಟ್ ತೆರಿಗೆ ತೆಗೆಯಿತು. ಬದಲಿಗೆ, ತೀರಿಕೊಂಡವನು ಸಾಯುವ ಮುಂಚೆ ತನ್ನ ಆಸ್ತಿಯನ್ನೆಲ್ಲ ಮಾರಿದ ಅಂತ ಭಾವಿಸಿ ಅದರ ಲಾಭಕ್ಕೆ ತೆರಿಗೆ ಹಾಕ್ತದೆ. ಹೆಂಡತಿಗೆ ಹೋದರೆ, ಬೇಸಾಯದ ಹೊಲ ಮಕ್ಕಳಿಗೆ ಹೋದರೆ ಆ ಲೆಕ್ಕವನ್ನು ಮುಂದಕ್ಕೆ ಹಾಕಲು ಬಿಡ್ತಾರೆ.

ನಮ್ಮಲ್ಲೂ ಅಂಥದ್ದೊಂದು ಮರೆಯಲ್ಲಿ ಕೂತಿದೆ, ಪೇಟೆ ಪಕ್ಕದ ಜಮೀನಿನವರು ಇದನ್ನು ಗಮನಿಸಬೇಕು. ಅಪ್ಪನಿಂದ ಬಂದ ದಿನ ತೆರಿಗೆ ಇಲ್ಲ, ನಿಜ. ಆದರೆ ನೀವು ಮಾರಿದ ದಿನ ಅಪ್ಪನ ಕಾಲದ ಲಾಭವೂ ನಿಮ್ಮ ತಲೆ ಮೇಲೆ ಬರ್ತದೆ. ಅಪ್ಪ 2005ರಲ್ಲಿ ಎರಡು ಎಕರೆಯನ್ನು 4 ಲಕ್ಷಕ್ಕೆ ಕೊಂಡಿದ್ದರು. 2020ರಲ್ಲಿ ಅವರು ತೀರಿಕೊಂಡಾಗ ಅದರ ಬೆಲೆ 80 ಲಕ್ಷ. ನೀವು ಈಗ 1 ಕೋಟಿಗೆ ಮಾರಿದಿರಿ ಅಂದುಕೊಳ್ಳಿ. ನಿಮ್ಮ ಲಾಭ 20 ಲಕ್ಷ ಅಲ್ಲ, 96 ಲಕ್ಷ. ಕಾನೂನು ಅಪ್ಪ ಕೊಟ್ಟ ಬೆಲೆಯನ್ನೇ ನಿಮ್ಮ ಬೆಲೆ ಅಂತ ಹಿಡೀತದೆ. ಶೇ. 12.5ರಂತೆ 12 ಲಕ್ಷ ತೆರಿಗೆ, ಸೆಸ್ಸು ಸರ್ಚಾರ್ಜು ಬೇರೆ. ಅಮೆರಿಕದಲ್ಲಿ ಇದು ತಿರುಗಮುರುಗ. ಅಲ್ಲಿ ಸತ್ತ ದಿನದ ಬೆಲೆಯೇ ಮಕ್ಕಳ ಬೆಲೆ ಆಗ್ತದೆ, ಲಾಭ 20 ಲಕ್ಷ ಅಂತಲೇ ಲೆಕ್ಕ. ಎಸ್ಟೇಟ್ ತೆರಿಗೆ ಇರುವ ದೇಶ ಹಳೆ ಲಾಭವನ್ನು ಮರೆಯುತ್ತದೆ, ಇಲ್ಲದ ದೇಶ ನೆನಪಿಟ್ಟುಕೊಳ್ಳುತ್ತದೆ.

ಇದು ಎಲ್ಲ ಜಮೀನಿಗೂ ಅಲ್ಲ. ಹಳ್ಳಿಗಾಡಿನ ಬೇಸಾಯದ ಜಮೀನು ಮಾರಿದರೆ ಈ ತೆರಿಗೆ ಬರೋದೇ ಇಲ್ಲ. ಪುರಸಭೆ, ನಗರಸಭೆ ವ್ಯಾಪ್ತಿಯೊಳಗಿದ್ದರೆ, ಅಥವಾ ಊರಿನ ಜನಸಂಖ್ಯೆ ನೋಡಿಕೊಂಡು ಅದರ ಗಡಿಯಿಂದ 2, 6 ಇಲ್ಲವೇ 8 ಕಿಲೋಮೀಟರ್ ಒಳಗಿದ್ದರೆ ಮಾತ್ರ. ದೂರ ಅಳೆಯೋದು ರಸ್ತೆಯ ಲೆಕ್ಕದಲ್ಲಲ್ಲ, ಹಕ್ಕಿ ಹಾರಿದ ಹಾಗೆ ನೇರವಾಗಿ. ಮಾರುವ ಮುಂಚೆ ಎರಡು ವರ್ಷ ಉಳುಮೆ ಮಾಡಿದ್ದು, ಬಂದ ಲಾಭದಲ್ಲಿ ಎರಡು ವರ್ಷದೊಳಗೆ ಬೇರೆ ಬೇಸಾಯದ ಜಮೀನು ಕೊಂಡರೆ ವಿನಾಯ್ತಿಯೂ ಇದೆ.

ಆದ್ದರಿಂದ ಪೌತಿ ಖಾತೆ ಮಾಡಿಸುವಾಗಲೇ ಅಪ್ಪನ ಕ್ರಯಪತ್ರವನ್ನೂ ಹುಡುಕಿ ಇಟ್ಟುಕೊಳ್ಳಿ. ಜಮೀನು 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾಗಿದ್ದರೆ ಆ ದಿನದ ಬೆಲೆಯನ್ನು ಕೊಂಡ ಬೆಲೆ ಅಂತ ತೋರಿಸಬಹುದು, ಆದರೆ ಆಗಿನ ಸರ್ಕಾರಿ ಮಾರ್ಗಸೂಚಿ ದರಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆ ಹಳೆ ದರ ಎಷ್ಟಿತ್ತು ಅಂತ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಬೇಕು. ಮಾರುವ ಮಾತುಕತೆ ಶುರುವಾಗುವ ಮುಂಚೆಯೇ ಕೇಳಿ, ಅಡ್ವಾನ್ಸ್ ತಗೊಂಡ ಮೇಲೆ ಅಲ್ಲ.